ಶ್ರಮ ಏರಿದೆ, ಅಂಕ ಏರಿಲ್ಲ: ಪ್ರಗತಿಪತ್ರದಲ್ಲಿ ಏನು ಬರೆಯಬೇಕು?

ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪ್ರಗತಿಪತ್ರ ತುಂಬುವ ದಿನ ಶಿಕ್ಷಕರ ಕೊಠಡಿಯಲ್ಲಿ ಎಲ್ಲರಿಗೂ ಅವಸರ. ಜಾಣ ಮಕ್ಕಳಿಗೆ ‘ಉತ್ತಮ’, ಹಿಂದುಳಿದವರಿಗೆ ‘ಇನ್ನೂ ಹೆಚ್ಚು ಶ್ರಮಿಸಬೇಕು’ ಎಂದು ಬರೆದು ಮುಂದಿನ ಕಾರ್ಡಿಗೆ ಹೋಗುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಬರೆದವಳು. ಈ ಷರಾ ಒಂದು ಬಗೆಯ ಮಗುವಿನ ವಿಷಯದಲ್ಲಿ ಮಾತ್ರ ಸುಳ್ಳಾಗುತ್ತದೆ. ನಾಲ್ಕು ತಿಂಗಳಿಂದ ಮೈಮುರಿದು ಓದಿಯೂ ಅಂಕ ಹೆಚ್ಚದ ಮಗು ಅದು. ಅದಕ್ಕೆ ‘ಇನ್ನೂ ಶ್ರಮಿಸು’ ಎಂದರೆ, ಇಷ್ಟು ದಿನ ಪಟ್ಟದ್ದನ್ನು ಟೀಚರ್ ನೋಡಲೇ ಇಲ್ಲ ಎಂದೇ ಅದು ತಿಳಿದುಕೊಳ್ಳುತ್ತದೆ.

ಅಂಥ ಮಗುವಿನ ಷರಾ ಬರೆಯುವುದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. 4ನೇ ತರಗತಿಯ ಹುಡುಗಿ, ವಿಷಯ ಗಣಿತ. ಹೆಸರು ರೇಣುಕಾ ಎಂದಿಟ್ಟುಕೊಳ್ಳಿ. ಕಳೆದ ವರ್ಷದ ಕೊನೆಯ ಪರೀಕ್ಷೆಯಲ್ಲಿ 40ಕ್ಕೆ 9 ಬಂದಿತ್ತು, ಈಗ 11 ಬಂದಿದೆ.

ಮೊದಲ ಹೆಜ್ಜೆ, ಪೆನ್ನು ಹಿಡಿಯುವ ಮೊದಲು ಅವಳ ಮನೆಗೆಲಸದ ಪುಸ್ತಕ, ಹಾಜರಿ ಮತ್ತು ಉತ್ತರಪತ್ರಿಕೆ ಮೂರನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಿ. ‘ಶ್ರಮ ಹೆಚ್ಚಿದೆ’ ಎನ್ನುವುದು ನಿಮ್ಮ ಅನಿಸಿಕೆ. ಕಾರ್ಡಿನಲ್ಲಿ ಬರಬೇಕಾದದ್ದು ಎಣಿಸಿ ಹೇಳಬಹುದಾದ ಸಂಗತಿ. ರೇಣುಕಾಳ ಪುಸ್ತಕದಲ್ಲಿ ಜೂನ್ ತಿಂಗಳ 12 ಮನೆಗೆಲಸಗಳಲ್ಲಿ 3 ಮಾತ್ರ ಇವೆ. ಸೆಪ್ಟೆಂಬರಿನಲ್ಲಿ 14ರಲ್ಲಿ 13 ಇವೆ. ಕಳೆದ ವರ್ಷದ ಉತ್ತರಪತ್ರಿಕೆಯಲ್ಲಿ ಅರ್ಧಕ್ಕರ್ಧ ಪ್ರಶ್ನೆಗಳ ಕೆಳಗೆ ಖಾಲಿ ಜಾಗವಿತ್ತು, ಈ ಸಲ ಬಿಟ್ಟಿರುವುದು ಎರಡೇ. ಖಾಲಿ ಬಿಟ್ಟದ್ದಕ್ಕೂ ಬರೆದು ತಪ್ಪಿದ್ದಕ್ಕೂ ಅಂಕ ಸೊನ್ನೆಯೇ. ಆದ್ದರಿಂದ ಅಂಕದಲ್ಲಿ ಕಾಣದ ಈ ಬದಲಾವಣೆಯನ್ನು ಷರಾವೇ ಹೇಳಬೇಕು.

ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಶ್ರಮ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕಬೇಕು. ಕೆಂಪು ಗೀಟು ಬಿದ್ದ ಲೆಕ್ಕಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ರೇಣುಕಾ 503ರಲ್ಲಿ 278 ಕಳೆದು 375 ಎಂದು ಬರೆದಿದ್ದಾಳೆ. ಸರಿಯುತ್ತರ 225. ಇದು ಕಣ್ಣುಮುಚ್ಚಿ ಬರೆದ ಉತ್ತರವಲ್ಲ. ಬಿಡಿಸ್ಥಾನದಲ್ಲಿ 3ರಲ್ಲಿ 8 ಹೋಗುವುದಿಲ್ಲ, ಹಾಗಾಗಿ 8ರಲ್ಲಿ 3 ಕಳೆದು 5 ಬರೆದಿದ್ದಾಳೆ. ಹತ್ತರ ಸ್ಥಾನದಲ್ಲಿ ಸೊನ್ನೆಯಲ್ಲಿ 7 ಹೋಗದು, 7 ಎಂದೇ ಇಟ್ಟಿದ್ದಾಳೆ. ನೂರರಲ್ಲಿ 5ಕ್ಕೆ 2 ಹೋಗಿ 3. ಮೇಲಿನದ್ದೋ ಕೆಳಗಿನದ್ದೋ ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವುದು ಅವಳ ನಿಯಮ. ಪಕ್ಕದ ಮನೆಯಿಂದ ಸಾಲ ತರಬೇಕು ಎಂಬುದು ತಲೆಗೆ ಹೋಗಿಲ್ಲ. ತಲಾ 2 ಅಂಕದ ನಾಲ್ಕು ಲೆಕ್ಕಗಳಲ್ಲಿ ಇದೇ ತಪ್ಪು, ಅಂದರೆ 8 ಅಂಕ ಹೋಗಿರುವುದು ಒಂದೇ ಕಡೆ. ಮನೆಗೆಲಸದ ಪುಸ್ತಕ ತೆರೆದರೆ ಅಲ್ಲಿಯೂ ಅದೇ. ಪಾಪದ ಹುಡುಗಿ ದಿನವೂ ಕೂತು ತಪ್ಪು ವಿಧಾನವನ್ನೇ ಅಭ್ಯಾಸ ಮಾಡಿದ್ದಾಳೆ! ಅವಳಿಗೆ ಬೇಕಾಗಿರುವುದು ಇನ್ನಷ್ಟು ಶ್ರಮವಲ್ಲ, ಆ ಒಂದು ತಿದ್ದುಪಡಿ.

ತಪ್ಪುಗಳಲ್ಲಿ ಇಂಥ ವರಸೆ ಸಿಗದೆ, ಬೋರ್ಡಿನ ಮೇಲಿನ 503 ಪುಸ್ತಕದಲ್ಲಿ 508 ಆಗಿದ್ದರೆ, ಅಥವಾ ಬಾಯಲ್ಲಿ ಹೇಳಿದರೆ ಮಾಡುವ ಲೆಕ್ಕವನ್ನು ಓದಿ ಮಾಡಲು ಆಗದಿದ್ದರೆ, ಮಾತು ಬೇರೆ. ಕಣ್ಣು, ಕಿವಿ ಅಥವಾ ಓದುವುದರಲ್ಲೇ ತೊಡಕಿರಬಹುದು. ನಿಮ್ಮ ಅನುಮಾನವನ್ನು ಕಾರ್ಡಿನಲ್ಲಿ ಬರೆಯಬೇಡಿ. ತಂದೆ ತಾಯಿಯನ್ನು ಪ್ರತ್ಯೇಕವಾಗಿ ಕರೆದು ಮಾತಾಡಿ, ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿ.

ಈಗ ಬರೆಯುವ ಕೆಲಸ. ನನ್ನ ಮೊದಲ ಕರಡು ಹೀಗಿತ್ತು: ‘ರೇಣುಕಾ ತುಂಬಾ ಶ್ರಮ ಪಡುತ್ತಾಳೆ, ಆದರೆ ಅಂಕ ಕಡಿಮೆ.’ ಓದಿದವರ ಮನಸ್ಸಿನಲ್ಲಿ ‘ಆದರೆ’ಯ ನಂತರದ್ದೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ‘ಇಷ್ಟು ಕಷ್ಟಪಟ್ಟರೂ ಇಷ್ಟೇ, ದಡ್ಡಿ’ ಎಂಬ ಅರ್ಥವೂ ಅದರಿಂದ ಹೊರಡುತ್ತದೆ. ಹಾಗೆಂದು ಅಂಕದ ಮಾತನ್ನೇ ಎತ್ತದೆ ಬರೀ ಹೊಗಳಿದರೂ ತಪ್ಪೇ. ಅಂಕ ಅದೇ ಕಾರ್ಡಿನಲ್ಲಿ ಕಾಣುತ್ತಿರುವಾಗ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ. ಮೊದಲು ಬದಲಾದದ್ದು, ಆಮೇಲೆ ಅಂಕ ಮತ್ತು ಅದರ ಕಾರಣ, ಕೊನೆಗೆ ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ಏನು ಮಾಡಬೇಕು ಎಂಬ ಕ್ರಮದಲ್ಲಿ ಬರೆದರೆ ‘ಆದರೆ’ ಬೇಕಾಗುವುದೇ ಇಲ್ಲ:

‘ಜೂನ್‌ನಲ್ಲಿ 12ರಲ್ಲಿ 3 ಮನೆಗೆಲಸ ತಂದಿದ್ದ ರೇಣುಕಾ, ಸೆಪ್ಟೆಂಬರಿನಲ್ಲಿ 14ರಲ್ಲಿ 13 ತಂದಿದ್ದಾಳೆ. ಪರೀಕ್ಷೆಯಲ್ಲಿ ಎರಡು ಬಿಟ್ಟು ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದಾಳೆ. ಅಂಕ 40ಕ್ಕೆ 11. ಸಾಲ ತಂದು ಕಳೆಯುವ ಲೆಕ್ಕದಲ್ಲಿ ಒಂದೇ ತಪ್ಪಿನಿಂದ 8 ಅಂಕ ಹೋಗಿದೆ. ಅದನ್ನು ನವೆಂಬರಿನಲ್ಲಿ ನಾನು ಮತ್ತೆ ಕಲಿಸುತ್ತೇನೆ. ಮನೆಯಲ್ಲಿ ದಿನಕ್ಕೆ ಎರಡು ಲೆಕ್ಕವನ್ನು ನೋಟು, ಚಿಲ್ಲರೆ ಇಟ್ಟು ಮಾಡಿಸಿ.’

ಕಾರ್ಡಿನ ಜಾಗ ಸಾಲದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಅಂಟಿಸಿ. ಎರಡೇ ಸಾಲಿಗೆ ಇಳಿಸಲೇಬೇಕಾದರೆ ಎರಡನೆಯ ವಾಕ್ಯ ಬಿಡಬಹುದು, 8 ಅಂಕದ ಕಾರಣ ಮಾತ್ರ ಬಿಡಬೇಡಿ. ‘ನಾನು ಮತ್ತೆ ಕಲಿಸುತ್ತೇನೆ’ ಎಂದು ಬರೆಯಲು ಕೆಲವರು ಹಿಂಜರಿಯುತ್ತಾರೆ, ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು. ನನ್ನ ಮಟ್ಟಿಗೆ ಆ ವಾಕ್ಯವಿಲ್ಲದ ಷರಾ ಅರ್ಧ ಮಾತ್ರ, ಏಕೆಂದರೆ ಮಗು ತನ್ನ ಪಾಲಿನದನ್ನು ಆಗಲೇ ಮಾಡಿದೆ.

ಚಿಲ್ಲರೆಯ ಮಾತನ್ನು ಪೋಷಕರಿಗೆ ಬಾಯಲ್ಲೂ ವಿವರಿಸಿ. 100ರ ಐದು ನೋಟು ಮತ್ತು 1 ರೂಪಾಯಿಯ ಮೂರು ನಾಣ್ಯ ಮಗುವಿನ ಕೈಗೆ ಕೊಟ್ಟು 278 ರೂಪಾಯಿ ಕೇಳಬೇಕು. ಕಾಗದದ ಚೂರಿನ ಮೇಲೆ ಬರೆದುಕೊಂಡರೂ ಆದೀತು. ಎಂಟು ನಾಣ್ಯ ಇಲ್ಲ, ಹತ್ತರ ನೋಟಂತೂ ಒಂದೂ ಇಲ್ಲ. ಆಗ ಒಂದು ನೂರನ್ನು ಒಡೆದು ಹತ್ತರ ಹತ್ತು ನೋಟು ಮಾಡಿಸಬೇಕು, ಅದರಲ್ಲಿ ಒಂದನ್ನು ಒಡೆದು ಹತ್ತು ನಾಣ್ಯ. ಅಂಗಡಿಗೆ ಹೋಗಿಬರುವ ಮಗುವಿಗೆ ಇದು ಬೇಗ ಹಿಡಿಸುತ್ತದೆ.

ಕೊನೆಯ ಹೆಜ್ಜೆ, ಕಾರ್ಡು ಮನೆಗೆ ಹೋಗುವ ಹಿಂದಿನ ದಿನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಕ ತೋರಿಸದೆ, ಷರಾದ ಮಾತುಗಳನ್ನು ಹೇಳಿ. 1988ರಲ್ಲಿ ಇಸ್ರೇಲಿನ ರುತ್ ಬಟ್ಲರ್ 5 ಮತ್ತು 6ನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ ಬರೀ ಷರಾ ಪಡೆದವರ ಕಲಿಕೆಯೂ ಆಸಕ್ತಿಯೂ ಸುಧಾರಿಸಿತು. ಷರಾದ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ನಮ್ಮ ಕಾರ್ಡಿನಿಂದ ಅಂಕವನ್ನು ತೆಗೆಯಲು ಬರುವುದಿಲ್ಲ, ಒಂದು ದಿನ ಮುಂಚೆ ಮಾತಾಡಲು ಅಡ್ಡಿಯಿಲ್ಲ. ಹಾಗೆಯೇ ಮಗುವಿನಿಂದಲೇ ಷರಾ ಓದಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಕಾರ್ಡನ್ನು ಅವ್ವನಿಗೆ ಓದಿ ಹೇಳುವುದು ಆ ಮಗುವೇ. ಅದು ತಡವರಿಸಿದ ಪದವನ್ನು ತೆಗೆದು ಸುಲಭದ್ದನ್ನು ಹಾಕಿ.

ಷರಾದ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ. ಮಾರ್ಚಿನಲ್ಲಿ ಮುಂದಿನದನ್ನು ಬರೆಯುವ ಮೊದಲು ರೇಣುಕಾಳಿಗೆ 604ರಲ್ಲಿ 379 ಕಳೆಯಲು ಕೊಡಿ. 225 ಬಂದರೆ ಅಲ್ಲಿಂದ ಬರೆಯಿರಿ. 375 ಬಂದರೆ, ನವೆಂಬರಿನ ನಿಮ್ಮ ಪಾಠದ ಟಿಪ್ಪಣಿಯನ್ನು ಮೊದಲು ತೆಗೆದು ನೋಡಿ.