ಡೀಸೆಲ್ ನಾಝಲ್‌ನಲ್ಲಿ ಮಲ್ಟಿಗ್ರೇಡ್ ಆಯಿಲ್ ತೆಳುವಾಗಿಸಿ ನೋಡಿದ್ದು: ನನ್ನ ಅನುಭವ

ಮಲ್ಟಿಗ್ರೇಡ್ ಎಂಜಿನ್ ಆಯಿಲ್ ಬಿಸಿಯಲ್ಲೂ ಗಟ್ಟಿ ಇರಲಿ ಅಂತ ಅದಕ್ಕೆ ಉದ್ದ ಸರಪಳಿಯ ಪಾಲಿಮರ್ ಹಾಕಿರುತ್ತಾರೆ. ಆ ಸರಪಳಿ ಎಳೆತಕ್ಕೆ ಎಷ್ಟು ಕಡಿಯುತ್ತದೆ ಅಂತ ನೋಡಲು ಡೀಸೆಲ್ ನಾಝಲ್‌ನಿಂದ ಆಯಿಲ್ ಹಾರಿಸಿದರೆ ಏನೂ ಗೊತ್ತಾಗಲ್ಲ, ಪಂಪಿನಲ್ಲಿ ಉಳಿದ ಡೀಸೆಲ್ ಬೆರೆತು ತೆಳುವಾಗುತ್ತದೆ ಅಷ್ಟೇ ಅಂತ ಹೇಳಿದವರೇ ಜಾಸ್ತಿ. ಈಗ ಅದಕ್ಕೆ ಉತ್ತರ ಇದೆ. ಪಾಲಿಮರ್ ಹಾಕದ ಮಾನೋಗ್ರೇಡ್ 40 ಆಯಿಲನ್ನು ಅದೇ ಪಂಪು, ಅದೇ ನಾಝಲ್‌ನಲ್ಲಿ 30 ಸುತ್ತು ಓಡಿಸಿದರೆ ವಿಸ್ಕಾಸಿಟಿ, ಅಂದರೆ ಗಟ್ಟಿತನ, ಇದ್ದಲ್ಲೇ ಇರುತ್ತದೆ. ಮಲ್ಟಿಗ್ರೇಡ್ ಹಾಕಿದರೆ ಮಾತ್ರ ಇಳಿಯುತ್ತದೆ. ಡೀಸೆಲ್ ಬೆರೆತಿದ್ದರೆ ಎರಡೂ ಇಳಿಯಬೇಕಿತ್ತಲ್ಲ?

ಈ ಐಡಿಯಾ ನನ್ನದಲ್ಲ. ಆಯಿಲ್ ಕಂಪನಿಗಳು ನಂಬುವ ಕುರ್ಟ್-ಆರ್ಬಾನ್ ಟೆಸ್ಟ್ ಅಂದರೆ ಇದೇ: ಎರಡು ಪ್ಲಂಜರಿನ ಬಾಷ್ ಪಂಪು, ಒಂದು ನಾಝಲ್, 170 ಮಿಲಿ ಸ್ಯಾಂಪಲ್, ನಿಮಿಷಕ್ಕೆ ಸುಮಾರು 170 ಮಿಲಿ ಹರಿವು. ಅಂದರೆ ನಿಮಿಷಕ್ಕೊಂದು ಸುತ್ತು, ಅರ್ಧ ಗಂಟೆಗೆ 30. ನಾನು ಅದನ್ನು ಗುಜರಿಯ ಇನ್‌ಲೈನ್ ಪಂಪಿನಲ್ಲಿ ಕಟ್ಟಿಕೊಂಡೆ. ಎರಡು ಎಲಿಮೆಂಟಿನ ಡೆಲಿವರಿ ಪೈಪ್ ಸೇರಿಸಿ ಒಂದೇ ಪಿಂಟಲ್ ನಾಝಲ್‌ಗೆ ಕೊಟ್ಟು, 960 ಆರ್‌ಪಿಎಂನ ಆರು ಪೋಲ್ ಮೋಟಾರನ್ನು ನೇರ ಕಪ್ಲಿಂಗ್‌ನಲ್ಲಿ ಕೂರಿಸಿದೆ. ಪಂಪಿನ ಹರಿವು ಹೆಚ್ಚು ಕಡಿಮೆ ಮಾಡುವ ರ‍್ಯಾಕ್ ಸರಿಸಿ ಅಳತೆ ಜಾಡಿಯಲ್ಲಿ ನಿಮಿಷಕ್ಕೆ 170 ಬರುವಂತೆ ಲಾಕ್ ಮಾಡಿದರೆ ಮುಗಿಯಿತು. ಪಂಪು, ಮೋಟಾರು, ಲೇತ್ ಕೆಲಸ ಎಲ್ಲಾ ಸೇರಿ ಹದಿನೈದು ಸಾವಿರದ ಆಸುಪಾಸು ಆಯಿತು. ಅದಕ್ಕಿಂತ ಹೆಚ್ಚು ನುಂಗಿದ್ದು ಗಾಜಿನ ವಿಸ್ಕಾಮೀಟರ್ ಟ್ಯೂಬುಗಳು.

ಕೈಕೊಡುವ ಜಾಗಗಳು ಮೂರು. ಮೊದಲನೆಯದು ಆ ಡೀಸೆಲ್‌ದೇ. 15 ಸೆಂಟಿಸ್ಟೋಕ್ಸ್ ವಿಸ್ಕಾಸಿಟಿಯ ಆಯಿಲ್‌ಗೆ ಎರಡು ಪರ್ಸೆಂಟ್ ಡೀಸೆಲ್ ಸೇರಿದರೂ ಐದಾರು ಪರ್ಸೆಂಟ್‌ಗಿಂತ ಜಾಸ್ತಿ ತೆಳುವಾಗುತ್ತದೆ, ಹಾಗಾಗಿ ಒರೆಸಿ ಬಿಟ್ಟರೆ ಸಾಲದು. ಟೆಸ್ಟ್ ಮಾಡುವ ಆಯಿಲನ್ನೇ ಮೂರು ಸಲ ತುಂಬಿ ಓಡಿಸಿ ಚೆಲ್ಲಬೇಕು, ಆಮೇಲೆ ಅಸಲಿ ಸ್ಯಾಂಪಲ್. ಎರಡನೆಯದು ಬಿಸಿ. ನಾಝಲ್ ದಾಟಿದ ಆಯಿಲ್ 30ರಿಂದ 35 ಡಿಗ್ರಿಯಲ್ಲಿ ಇರಬೇಕು. ಬಿಸಿಯಾದಷ್ಟೂ ಆಯಿಲ್ ತೆಳು, ತೆಳುವಾದಷ್ಟೂ ಪಾಲಿಮರ್ ಮೇಲೆ ಬೀಳುವ ಎಳೆತ ಕಡಿಮೆ, ರಿಸಲ್ಟ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ರಿಟರ್ನ್ ಪೈಪನ್ನು ತಾಮ್ರದ ಸುರುಳಿ ಮಾಡಿ ಬಕೆಟ್ ನೀರಿನಲ್ಲಿ ಮುಳುಗಿಸಿದ್ದೇನೆ. ಮೂರನೆಯದು ನೊರೆ. ಸ್ಪ್ರೇ ಆದ ಆಯಿಲ್ ಗಾಳಿ ಹಿಡಿದು ವಾಪಸ್ ಬಂದರೆ ಪಂಪು ಗಾಳಿಯನ್ನೇ ಒತ್ತುತ್ತದೆ, ಸುತ್ತಿನ ಲೆಕ್ಕ ತಪ್ಪುತ್ತದೆ. ಸ್ಪ್ರೇ ಬೀಳುವ ಚೇಂಬರ್ ಒಳಗೆ ತಡೆಪಟ್ಟಿ ಹೇಗೆ ಕೂರಿಸಿದರೆ ನೊರೆ ಒಡೆಯುತ್ತದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಚೇಂಬರ್ ಮುಚ್ಚಿರಲೇಬೇಕು ಅಂತ ಮಾತ್ರ ಹೇಳುತ್ತೇನೆ. ಆ ಸ್ಪ್ರೇ ಚರ್ಮ ತೂರಿ ಒಳಗೆ ಹೋಗುತ್ತದೆ, ಮಂಜಿಗೆ ಬೆಂಕಿಯೂ ಹತ್ತುತ್ತದೆ.

ಅಳೆಯುವುದು 100 ಡಿಗ್ರಿಯಲ್ಲಿ. ಪೇಂಟ್‌ನವರ ಫೋರ್ಡ್ ಕಪ್ 40 ಡಿಗ್ರಿಯಲ್ಲಿ ಓಡುತ್ತದೆ, ಆದರೆ ನೂರರಲ್ಲಿ ಆಯಿಲ್ ಅಷ್ಟು ತೆಳುವಿದ್ದಾಗ ಅದು ಉಪಯೋಗಕ್ಕೆ ಬರಲ್ಲ. 150 ನಂಬರಿನ ಕ್ಯಾನನ್-ಫೆನ್ಸ್ಕೆ ಟ್ಯೂಬ್ ಬೇಕು. ಅದರ ಕಾನ್ಸ್ಟಂಟ್ ಸುಮಾರು 0.035, ಆಯಿಲ್ ಟ್ಯೂಬಿನ ಎರಡು ಗೆರೆ ದಾಟಲು ಹಿಡಿದ ಸೆಕೆಂಡಿಗೆ ಅದನ್ನು ಗುಣಿಸಿದರೆ ಸೆಂಟಿಸ್ಟೋಕ್ಸ್. ನೀರು ಕುದಿಸಿ ಅದರಲ್ಲಿ ಟ್ಯೂಬ್ ಇಟ್ಟರೆ ನೂರು ಡಿಗ್ರಿ ಸಿಕ್ಕಿತು ಅಂದುಕೊಳ್ಳಬೇಡಿ. ಬೆಂಗಳೂರಿನ ಎತ್ತರದಲ್ಲಿ ನೀರು 97ಕ್ಕೇ ಕುದಿಯುತ್ತದೆ, ಆ ಮೂರು ಡಿಗ್ರಿಗೆ ಆಯಿಲ್ ಏಳು ಪರ್ಸೆಂಟ್‌ನಷ್ಟು ಗಟ್ಟಿ ತೋರುತ್ತದೆ. ಗ್ಲಿಸರಿನ್ ಬಾತ್, ಕಲಕುವ ಪುಟ್ಟ ಮೋಟಾರು, ಒಳ್ಳೆಯ ಥರ್ಮಾಮೀಟರ್ ಇಷ್ಟು ಬೇಕೇ ಬೇಕು. ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್‌ಗೆ ಮಾಮೂಲಿ ಟ್ಯೂಬ್ ನಡೆಯಲ್ಲ, ಗೆರೆ ದಾಟಿದ್ದು ಕಣ್ಣಿಗೇ ಕಾಣಲ್ಲ. ಅದಕ್ಕೆ ಆಯಿಲ್ ಖಾಲಿ ಬಲ್ಬಿಗೆ ಏರುತ್ತಾ ಹೋಗುವ ರಿವರ್ಸ್ ಫ್ಲೋ ಟ್ಯೂಬ್ ಬೇರೆಯೇ ಬರುತ್ತದೆ. ಪ್ರತಿ ಅಳತೆಗೂ ಅದನ್ನು ತೊಳೆದು ಒಣಗಿಸಬೇಕು, ಅದೊಂದು ಕಾಟ.

ಒಂದು ಲೆಕ್ಕ ಪೂರ್ತಿ ಹೇಳುತ್ತೇನೆ. ಎಸ್‌ಎನ್ 500 ಬೇಸ್ ಆಯಿಲ್ ನೂರು ಡಿಗ್ರಿಯಲ್ಲಿ 10.8 ಬಂತು. ಅದಕ್ಕೆ ಓಸಿಪಿ ಅನ್ನುವ ಪಾಲಿಮರಿನ ಅಗ್ಗದ ದ್ರಾವಣ ಸೇರಿಸಿ 18.0ಕ್ಕೆ ಏರಿಸಿದೆ. 514 ಸೆಕೆಂಡು, 50 ಗ್ರೇಡಿನ ಒಳಗೆ ಸರಿಯಾಗಿ ಕೂತಿತು, ಆ ಗ್ರೇಡಿಗೆ ಕೆಳಗಿನ ಮಿತಿ 16.3. ನಾಝಲ್‌ನಲ್ಲಿ 30 ಸುತ್ತು ಆದ ಮೇಲೆ 426 ಸೆಕೆಂಡು, ಅಂದರೆ 14.9. ಐವತ್ತರ ಆಯಿಲ್ ನಲವತ್ತಾಗಿ ಕೂತಿದೆ! ಪಾಲಿಮರ್ ಏರಿಸಿದ್ದು 7.2, ಉದುರಿದ್ದು 3.1, ಹಾಗಾಗಿ ಶಿಯರ್ ಸ್ಟೆಬಿಲಿಟಿ ಇಂಡೆಕ್ಸ್ 43. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಚಿಕ್ಕ ಸರಪಳಿಯ ಇನ್ನೊಂದು ಓಸಿಪಿಯಲ್ಲಿ ಅದೇ 18.0 ಮಾಡಿದಾಗ ಕೊನೆಗೆ ಉಳಿದದ್ದು 16.4, ಇಂಡೆಕ್ಸ್ 22. ಗ್ರೇಡಿನಲ್ಲಿ ಕೂದಲೆಳೆಯಲ್ಲಿ ಉಳಿಯಿತು.

ಈ ವ್ಯತ್ಯಾಸಕ್ಕೆ ದುಡ್ಡೇ ಕಾರಣ. ಉದ್ದ ಸರಪಳಿಯ ಪಾಲಿಮರ್ ಸ್ವಲ್ಪ ಹಾಕಿದರೂ ಸಾಕಷ್ಟು ಗಟ್ಟಿ ಮಾಡುತ್ತದೆ, ಆದರೆ ಎಳೆತ ಬಿದ್ದಾಗ ನಡುಮಧ್ಯಕ್ಕೇ ತುಂಡಾಗುವುದೂ ಅದೇ. ಚಿಕ್ಕದು ಬಾಳುತ್ತದೆ, ಆದರೆ ಅಷ್ಟೇ ಗಟ್ಟಿ ಮಾಡಲು ಹೆಚ್ಚು ಪ್ರಮಾಣ ಬೇಕು. ಡಬ್ಬದ ಮೇಲೆ ಎರಡಕ್ಕೂ ಒಂದೇ 20ಡಬ್ಲ್ಯೂ-50. ತುಂಡಾಗುವುದಕ್ಕೂ ಒಂದು ಕೊನೆ ಇದೆ. ಒಂದು ಅಳತೆಗಿಂತ ಚಿಕ್ಕದಾದ ತುಂಡನ್ನು ಅದೇ ಎಳೆತ ಮತ್ತೆ ಕಡಿಯಲಾರದು. ಅದಕ್ಕೇ ಮೊದಲ ಹತ್ತು ಸುತ್ತಿನಲ್ಲೇ ಅರ್ಧಕ್ಕಿಂತ ಹೆಚ್ಚು ಇಳಿತ ಮುಗಿದು, ಆಮೇಲೆ ಗೆರೆ ಮಲಗುತ್ತದೆ.

ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್ ಇರುವ ಬೈಕಿನಲ್ಲಿ ಈ ಕಡಿಯುವ ಕೆಲಸ ಗೇರ್ ಹಲ್ಲುಗಳದ್ದು. 350 ಸಿಸಿ ಗಾಡಿಗಳಲ್ಲಿ ಹದಿನೈದು ನೂರು ಕಿಲೋಮೀಟರ್ ದಾಟುವಷ್ಟರಲ್ಲಿ ಇಳಿತ ನನ್ನ 30 ಸುತ್ತಿನ ಅಂಕಿಯ ಹತ್ತಿರ ಬಂದು ನಿಲ್ಲುತ್ತದೆ. ಗೇರ್‌ಬಾಕ್ಸ್ ಬೇರೆ ಇರುವ ಕಾರಿನಲ್ಲಿ ಇಷ್ಟು ಬೇಗ ಆಗಲ್ಲ.

ಗಾಡಿಯ ಆಯಿಲ್ ತೆಳುವಾಗಿದ್ದು ಪೆಟ್ರೋಲ್ ಸೇರಿಯೋ, ಪಾಲಿಮರ್ ಕಡಿದೋ ಅಂತ ಬಿಡಿಸುವುದು ಸುಲಭ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಉರಿ ಇಲ್ಲದ ಹೀಟರ್ ಮೇಲೆ, ಗಾಳಿಯಾಡುವ ಜಾಗದಲ್ಲಿ 110 ಡಿಗ್ರಿಗೆ ಮೂರ‍್ನಾಲ್ಕು ಗಂಟೆ ಇಟ್ಟು ಮತ್ತೆ ಅಳೆಯಿರಿ. ಪೆಟ್ರೋಲ್ ಇದ್ದರೆ ಹಾರಿಹೋಗಿ ಗಟ್ಟಿತನ ವಾಪಸ್ ಬರುತ್ತದೆ. ಕಡಿದ ಪಾಲಿಮರ್ ಮತ್ತೆ ಕೂಡಲ್ಲ. ತುಂಬಾ ಓಡಿದ ಆಯಿಲ್‌ನಲ್ಲಿ ಮಾತ್ರ ಎಚ್ಚರ, ಆಕ್ಸಿಡೇಶನ್ ಅದನ್ನು ದಪ್ಪ ಮಾಡಿ ಕಡಿತವನ್ನು ಮುಚ್ಚಿಹಾಕುತ್ತದೆ, ಅಂಕಿ ಹೊಸದರಂತೆಯೇ ಕಾಣಬಹುದು.

ನಡುವೆ ಅಡ್ಡದಾರಿಗಳೂ ಆದವು. ಅಡುಗೆ ಮಿಕ್ಸಿಯಲ್ಲಿ ತಿರುಗಿಸಿದ್ದಕ್ಕೆ ನೊರೆ ಬಂತೇ ಹೊರತು ವಿಸ್ಕಾಸಿಟಿ ಅಲುಗಲಿಲ್ಲ. ಬಂಗಾರದಂಗಡಿಯ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಇಟ್ಟರೂ ಅಷ್ಟೇ. ಲ್ಯಾಬಿನಲ್ಲಿ ಇದಕ್ಕೆ ಬಳಸುವ ಸಾನಿಕ್ ಯಂತ್ರದ ಕೊಂಬು ಆಯಿಲ್ ಒಳಗೇ ಮುಳುಗಿರುತ್ತದೆ, ಅದರ ಏಟೇ ಬೇರೆ.

ನಾಝಲ್ ಸವೆದರೆ ಅಂಕಿ ಜಾರುತ್ತದೆ. ಕಂಪನಿಗಳು ಪ್ರೆಶರನ್ನು ಗೇಜ್ ನೋಡಿ ಸೆಟ್ ಮಾಡಲ್ಲ, ರೆಫರೆನ್ಸ್ ಆಯಿಲ್ ಎಷ್ಟು ಇಳಿಯಬೇಕೋ ಅಷ್ಟು ಇಳಿಯುವವರೆಗೆ ಸರಿಪಡಿಸುತ್ತಾರೆ. ಆ ಆಯಿಲ್ ದುಬಾರಿ. ನಾನು ಆ 43ರ ಬ್ಲೆಂಡನ್ನೇ ಹತ್ತು ಲೀಟರ್ ಮಾಡಿ ಮುಚ್ಚಿಟ್ಟಿದ್ದೇನೆ. 175 ಬಾರ್ ಹತ್ತಿರ ಶುರು ಮಾಡಿ, ಪ್ರತಿ ಸರಣಿಗೆ ಮೊದಲು ಅದನ್ನು ಓಡಿಸಿ, 14.9ಕ್ಕಿಂತ ಮೇಲೆ ನಿಂತರೆ ಸ್ಪ್ರಿಂಗಿಗೆ ಶಿಮ್ ಸೇರಿಸುತ್ತೇನೆ.

ಈ ರಿಗ್ಗಿಗೆ ಕೈಗೆಟುಕದ್ದು ಒಂದಿದೆ. ಬೇರಿಂಗಿನ ಸಂದಿಯಲ್ಲಿ ಸರಪಳಿಗಳು ತುಂಡಾಗದೆ ಬರೀ ಒಂದೇ ದಿಕ್ಕಿಗೆ ಎಳೆದು ಮಲಗುತ್ತವೆ, ಆಗ ಆಯಿಲ್ ಆ ಕ್ಷಣಕ್ಕೆ ತೆಳು, ಹೊರಬಂದ ಕೂಡಲೇ ಮೊದಲಿನಂತೆ. ಗಾಜಿನ ಟ್ಯೂಬಿಗೆ ಅದು ಕಾಣುವುದೇ ಇಲ್ಲ. 150 ಡಿಗ್ರಿಯ ಹೈ ಶಿಯರ್ ಅಂಕಿ ಬೇಕಿದ್ದರೆ ಲ್ಯಾಬಿಗೇ ಕಳಿಸಬೇಕು.