ಹಣ ಹೋಯ್ತು, ಬ್ಯಾಂಕ್ ಮಾತಾಡ್ತಿಲ್ಲ: ಆರ್‌ಬಿಐಗೆ ದೂರು ಕೊಡುವುದು ಹೇಗೆ?

ನೀವು ಕಳಿಸದ ಹಣ ನಿಮ್ಮ ಖಾತೆಯಿಂದ ಹೋಗಿದೆ. ಬ್ಯಾಂಕಿಗೆ ಬರೆದುಕೊಟ್ಟಿದ್ದೀರಿ, ಉತ್ತರವೇ ಇಲ್ಲ. ಇಂಥ ದೂರನ್ನು ಆರ್‌ಬಿಐ ಒಂಬುಡ್ಸ್‌ಮನ್ ಉಚಿತವಾಗಿ ವಿಚಾರಿಸುತ್ತಾರೆ. ಆದರೆ ಇಲ್ಲಿ ಎಲ್ಲವೂ ನಿಂತಿರುವುದು ತಾರೀಕುಗಳ ಮೇಲೆ.

ಒಂದು ಉದಾಹರಣೆ ನೋಡೋಣ. ಮೇ 5ರ ರಾತ್ರಿ ₹48,000 ಕಡಿತವಾದ ಎಸ್‌ಎಂಎಸ್ ಬಂತು. ಗ್ರಾಹಕರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ಮೇ 7ಕ್ಕೆ ಶಾಖೆಯಲ್ಲಿ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡರು. ಆ ಸೀಲೇ ಮುಂದೆ ದೊಡ್ಡ ಆಧಾರ. ಕೌಂಟರಿನಲ್ಲಿ ಬಾಯಲ್ಲಿ ಹೇಳಿ ಬಂದಿದ್ದರೆ ಸಾಬೀತು ಮಾಡುವುದು ಕಷ್ಟ, ಅಲ್ವಾ? ಸೀಲು ಹಾಕಲ್ಲ ಅಂದರೆ ಅದೇ ಪತ್ರವನ್ನು ಇಮೇಲ್ ಮಾಡಿ.

ಮೇ 7 ಯಾಕೆ ಮುಖ್ಯ? ಆರ್‌ಬಿಐ 2017ರಲ್ಲಿ ತಂದ ನಿಯಮದಂತೆ, ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವಾಗ, ಎಸ್‌ಎಂಎಸ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವುದಿಲ್ಲ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. ನೀವೇ ಒಟಿಪಿ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು.

ಬ್ಯಾಂಕಿಗೆ ಉತ್ತರಿಸಲು 30 ದಿನ ಇದೆ. ಜೂನ್ 6ಕ್ಕೆ ಅದು ಮುಗಿಯಿತು. ಅದಕ್ಕೂ ಮೊದಲೇ ಆರ್‌ಬಿಐಗೆ ಬರೆದರೆ ದೂರು ಸುಮ್ನೆ ತಿರಸ್ಕಾರವಾಗುತ್ತದೆ. ಬ್ಯಾಂಕ್ ಅಷ್ಟರೊಳಗೇ ನಿರಾಕರಿಸಿದ್ದರೆ ಮಾತ್ರ ಕಾಯಬೇಕಿಲ್ಲ. 30 ದಿನ ಕಳೆದ ಮೇಲೆ ತಡ ಮಾಡಬೇಡಿ, ಅದಕ್ಕೂ ಗಡುವಿದೆ.

ಈಗ cms.rbi.org.in ತೆರೆಯಿರಿ. ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಒಳಗೆ ಹೋಗಿ, ಬ್ಯಾಂಕಿನ ಹೆಸರು ಆರಿಸಿ. ಬ್ಯಾಂಕಿಗೆ ದೂರು ಕೊಟ್ಟ ತಾರೀಕು ಕೇಳಿದಾಗ ಸೀಲಿನಲ್ಲಿರುವುದನ್ನೇ ಹಾಕಿ. ಇದೇ ವಿಷಯ ಕೋರ್ಟಿನಲ್ಲಿದ್ದರೆ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಸೀಲು ಬಿದ್ದ ಪತ್ರ, ಎಸ್‌ಎಂಎಸ್‌ನ ಚಿತ್ರ, ಖಾತೆಯ ಸ್ಟೇಟ್‌ಮೆಂಟ್, 1930ರ ದೂರಿನ ಸಂಖ್ಯೆ ಸೇರಿಸಿ.

ವಿವರದಲ್ಲಿ ಜಾಸ್ತಿ ಜನ ಎಡವುತ್ತಾರೆ. ಕಳ್ಳನ ಕಥೆಯನ್ನೇ ಪುಟಗಟ್ಟಲೆ ಬರೆಯುತ್ತಾರೆ. ಒಂಬುಡ್ಸ್‌ಮನ್ ನೋಡುವುದು ಕಳ್ಳನನ್ನಲ್ಲ, ಬ್ಯಾಂಕಿನ ಸೇವೆಯಲ್ಲಿ ಏನು ಕೊರತೆಯಾಯಿತು ಎಂಬುದನ್ನು. ಹಾಗಾಗಿ ಹೀಗೆ ಬರೆಯಿರಿ: ‘ಮೇ 5ರಂದು ನನ್ನ ಒಪ್ಪಿಗೆ ಇಲ್ಲದೆ ₹48,000 ವರ್ಗಾವಣೆಯಾಗಿದೆ. ಮೇ 7ರಂದು ಲಿಖಿತವಾಗಿ ತಿಳಿಸಿದ್ದೇನೆ. 10 ಕೆಲಸದ ದಿನಗಳಲ್ಲಿ ಹಣ ಜಮಾ ಆಗಲಿಲ್ಲ, 30 ದಿನವಾದರೂ ಉತ್ತರ ಬರಲಿಲ್ಲ. ಹಣ ವಾಪಸ್ ಕೊಡಿಸಿ.’

ಸಲ್ಲಿಸಿದ ಮೇಲೆ ಸಿಗುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಗ ಬ್ಯಾಂಕ್ ಸಾಮಾನ್ಯವಾಗಿ ಕೊಡುವ ಉತ್ತರ, ‘ಒಟಿಪಿ ಹಾಕಿಯೇ ವ್ಯವಹಾರ ನಡೆದಿದೆ, ಗ್ರಾಹಕರದೇ ತಪ್ಪು.’ ಅದನ್ನು ಕೇಳಿ ಕೈಬಿಡಬೇಡಿ. ತಪ್ಪು ಗ್ರಾಹಕರದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಒಟಿಪಿ ಯಾವ ನಂಬರಿಗೆ ಹೋಯಿತು, ಯಾವ ಸಾಧನದಿಂದ ಲಾಗಿನ್ ಆಯಿತು ಎಂಬ ದಾಖಲೆ ತೋರಿಸಲಿ ಎಂದು ಬರವಣಿಗೆಯಲ್ಲೇ ಕೇಳಿ.