ಅಂಕೆ ಹೇಳುವುದೆಷ್ಟು, ಷರಾ ಹೇಳಬೇಕಾದ್ದೆಷ್ಟು

ನಮ್ಮದು ಪದವಿ ಕಾಲೇಜೊಂದರ ಅರ್ಥಶಾಸ್ತ್ರ ವಿಭಾಗ. ವರ್ಷದ ಕೊನೆಯಲ್ಲಿ ಅಧ್ಯಾಪಕರ ಸ್ವಮೌಲ್ಯಮಾಪನ ನಮೂನೆಗಳು ವಿಭಾಗದ ಮುಖ್ಯಸ್ಥನಾದ ನನ್ನ ಮೇಜಿಗೆ ಬರುತ್ತವೆ. ವೇಳಾಪಟ್ಟಿ, ಅವರ ಕಾರ್ಯದಿನಚರಿ ಮತ್ತು ವಿದ್ಯಾರ್ಥಿಗಳ ಹಾಜರಾತಿ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ನಾನು ಅವುಗಳನ್ನು ತೆರೆಯುವುದಿಲ್ಲ.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಬೋಧನೆಯ ಅಳತೆ ಸರಳವಾಗಿದೆ. ವಹಿಸಿದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚನ್ನು ತೆಗೆದುಕೊಂಡಿದ್ದರೆ ‘ಉತ್ತಮ’, ಶೇ. 70ರಿಂದ 80ರ ಒಳಗಿದ್ದರೆ ‘ತೃಪ್ತಿಕರ’, ಅದಕ್ಕೂ ಕಡಿಮೆಯಾದರೆ ‘ತೃಪ್ತಿಕರವಲ್ಲ’. ತಕರಾರು ಹುಟ್ಟುವುದು ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲಿ.

ಒಬ್ಬ ಸಹಾಯಕ ಪ್ರಾಧ್ಯಾಪಕಿಯ ನಮೂನೆಯನ್ನೇ ನೋಡೋಣ. ವಾರಕ್ಕೆ 16 ಗಂಟೆಯಂತೆ 30 ವಾರಗಳಿಗೆ ಅವರಿಗೆ ವಹಿಸಿದ್ದು 480 ತರಗತಿಗಳು. ತೆಗೆದುಕೊಂಡದ್ದು 375 ಎಂದು ಅವರು ಬರೆದಿದ್ದರು. ಹಾಜರಾತಿ ಪುಸ್ತಕದಲ್ಲಿ ಸಿಕ್ಕಿದ್ದು 352. ಉಳಿದ 23 ಗಂಟೆಗಳು ಆಂತರಿಕ ಪರೀಕ್ಷೆಯ ಮೇಲ್ವಿಚಾರಣೆಯವು. ದುರುದ್ದೇಶವೇನೂ ಇರಲಿಲ್ಲ, ದಿನಚರಿಯಲ್ಲಿ ಎರಡನ್ನೂ ಒಂದೇ ಅಂಕಣದಲ್ಲಿ ಬರೆಯುವುದು ನಮ್ಮಲ್ಲಿ ಅನೇಕರ ರೂಢಿ. ಪರೀಕ್ಷಾ ಕೆಲಸಕ್ಕೆ ನಮೂನೆಯಲ್ಲಿ ಬೇರೆ ಜಾಗವಿರುವುದರಿಂದ ಅದನ್ನು ಅಲ್ಲಿಗೆ ಸಾಗಿಸಿದೆ.

ಈಗ 480ಕ್ಕೆ 352 ಎಂದರೆ ಶೇ. 73, ಬರೀ ‘ತೃಪ್ತಿಕರ’. ಆದರೆ ಅವರು ನಾಲ್ಕು ವಾರ ಮಂಜೂರಾದ ವೈದ್ಯಕೀಯ ರಜೆಯಲ್ಲಿದ್ದರು. ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆ, ವೈದ್ಯಕೀಯ ರಜೆಯಂಥ ಅವಧಿಗಳನ್ನು, ಪೂರ್ವಾನುಮತಿ ಇದ್ದರೆ, ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಆ 64 ಗಂಟೆಗಳನ್ನು ಕಳೆದರೆ ವಹಿಸಿದ್ದು 416. ಫಲಿತಾಂಶ ಶೇ. 84ಕ್ಕಿಂತ ಮೇಲೆ, ಅಂದರೆ ‘ಉತ್ತಮ’. ರಜೆಯ ಮಂಜೂರಾತಿ ಆದೇಶದ ಪ್ರತಿಯನ್ನು ನಮೂನೆಗೆ ಲಗತ್ತಿಸಿದೆ. ಬಡ್ತಿಯ ಕಡತ ಪರಿಶೀಲನೆಗೆ ಹೋಗುವ ಹೊತ್ತಿಗೆ ಇವರ ಕಾಯಿಲೆಯನ್ನು ನೆನಪಿಟ್ಟುಕೊಂಡವರು ಯಾರೂ ಆ ಕೋಣೆಯಲ್ಲಿ ಇರುವುದಿಲ್ಲ.

ಎರಡನೆಯ ಭಾಗದಲ್ಲಿ ಆಡಳಿತ, ಪರೀಕ್ಷೆ, ವಿದ್ಯಾರ್ಥಿ ಚಟುವಟಿಕೆ, ವಿಚಾರ ಸಂಕಿರಣ, ಪಿಎಚ್‌.ಡಿ. ಮಾರ್ಗದರ್ಶನ, ಸಂಶೋಧನಾ ಯೋಜನೆ, ಪ್ರಕಟಣೆ ಎಂಬ ಪಟ್ಟಿ ಇದೆ. ಕನಿಷ್ಠ ಮೂರರಲ್ಲಿ ತೊಡಗಿದ್ದರೆ ‘ಉತ್ತಮ’. ಪದವಿ ಕಾಲೇಜಿನವರಿಗೆ ಪಿಎಚ್‌.ಡಿ. ಮಾರ್ಗದರ್ಶನ ಸಾಮಾನ್ಯವಾಗಿ ಕೈಗೆಟುಕದು. ಸಮಿತಿಯ ಸದಸ್ಯತ್ವಕ್ಕೆ ನೇಮಕದ ಆದೇಶವೊಂದನ್ನೇ ನಾನು ಒಪ್ಪುವುದಿಲ್ಲ, ನಡಾವಳಿ ಕೇಳುತ್ತೇನೆ. ಐದು ಸಮಿತಿಗಳಲ್ಲಿ ಹೆಸರಿದ್ದು ಒಂದು ಸಭೆಗೂ ಹೋಗದವರು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ.

ಪ್ರಬಂಧಗಳ ವಿಷಯದಲ್ಲಿ, ಒಪ್ಪಿತ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ ಇದ್ದಾಗ ಕೆಲಸ ಹಗುರವಾಗಿತ್ತು. 2025ರಲ್ಲಿ ಅದನ್ನು ಕೈಬಿಟ್ಟ ಮೇಲೆ ಹೊಣೆ ಕಾಲೇಜಿನ ಮೇಲೆಯೇ ಬಿದ್ದಿದೆ. ಪತ್ರಿಕೆಯ ಐಎಸ್‌ಎಸ್‌ಎನ್ ಸಂಖ್ಯೆಯನ್ನು portal.issn.org ತಾಣದಲ್ಲಿ ಹುಡುಕಿ, ಹೆಸರೂ ಜಾಲತಾಣದ ವಿಳಾಸವೂ ಹೊಂದುತ್ತವೆಯೇ ಎಂದು ನೋಡುತ್ತೇನೆ. ನಿಜವಾದ ಪತ್ರಿಕೆಯ ಹೆಸರನ್ನೂ ಸಂಖ್ಯೆಯನ್ನೂ ಕದ್ದು ನಡೆಸುವ ನಕಲಿ ತಾಣಗಳು ಇಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ವಿಮರ್ಶಕರ ಟಿಪ್ಪಣಿಗಳ ಪತ್ರವನ್ನು ಕೇಳುತ್ತೇನೆ. ಕಳುಹಿಸಿದ ಎರಡು ದಿನಕ್ಕೆ ಒಪ್ಪಿಗೆ, ಜೊತೆಗೆ ಹಣದ ಬೇಡಿಕೆ ಎಂದಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಈ ಅಧ್ಯಾಪಕಿಗೆ ಬಂದ ಟಿಪ್ಪಣಿಗಳು ಸಾಕಷ್ಟು ಕಟುವಾಗಿದ್ದವು; ಅದೇ ಒಳ್ಳೆಯ ಪುರಾವೆ.

ಮಾರ್ಗದರ್ಶನಕ್ಕೆ, ಅಂದರೆ ಮೆಂಟರ್ ಕೆಲಸಕ್ಕೆ, ಈ ಪಟ್ಟಿಯಲ್ಲಿ ಸ್ವಂತ ಜಾಗವೇ ಇಲ್ಲ. ವಿದ್ಯಾರ್ಥಿ ಚಟುವಟಿಕೆಗಳಡಿ ಸೇರಿಸಬೇಕು. ಅದನ್ನು ಅಳೆಯಲು ಮೆಂಟರ್ ಪುಸ್ತಕವನ್ನು ನಾನು ಮೊದಲು ನೋಡುವುದಿಲ್ಲ. ಅಲ್ಲಿ ‘ಓದಿನ ಬಗ್ಗೆ ಚರ್ಚಿಸಲಾಯಿತು’ ಎಂಬ ಸಾಲು ಒಂದೇ ಪೆನ್ನಿನಲ್ಲಿ, ಒಂದೇ ದಿನ, ಮೂವತ್ತು ಸಲ ಬರೆದಿರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಸೆಮಿಸ್ಟರಿನ ನಡುವೆ ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿದವರ ಪಟ್ಟಿಯನ್ನು ಮೊದಲು ತೆಗೆದು, ಆ ಹೆಸರುಗಳ ಮುಂದೆ ಏನಾಯಿತು ಎಂದು ಹುಡುಕುತ್ತೇನೆ. ಇವರ ಗುಂಪಿನಲ್ಲಿ ಒಬ್ಬ ಹುಡುಗ ಎಂಟನೆಯ ವಾರಕ್ಕೆ ಶೇ. 61ರಲ್ಲಿದ್ದ. ಬೆಳಗಿನ ಕೆಲಸದಿಂದಾಗಿ ಮೊದಲ ಅವಧಿ ತಪ್ಪುತ್ತಿತ್ತು. ಅವರು ಮನೆಯವರೊಂದಿಗೆ ಮಾತನಾಡಿ, ನನ್ನನ್ನು ಕೇಳಿ ಅವನ ಬ್ಯಾಚ್ ಬದಲಾಯಿಸಿದ್ದರು. ಕೊನೆಗೆ ಅವನು ಪರೀಕ್ಷೆಗೆ ಅರ್ಹನಾದ. ಪುಸ್ತಕದಲ್ಲಿ ಇದ್ದದ್ದು ದಿನಾಂಕ ಮತ್ತು ‘ಬ್ಯಾಚ್ ಬದಲಾವಣೆ’ ಎಂಬ ಎರಡು ಪದ ಮಾತ್ರ. ಮನೆಯ ಕಷ್ಟವನ್ನು ಬರೆಯದೆ ಬಿಟ್ಟದ್ದು ಸರಿಯಾಗಿಯೇ ಇತ್ತು.

ವಿದ್ಯಾರ್ಥಿಗಳ ಅಭಿಪ್ರಾಯ ಪತ್ರದಲ್ಲಿ ಅವರ ಒಟ್ಟು ಸರಾಸರಿ ವಿಭಾಗದಲ್ಲೇ ಕಡಿಮೆ. ಪ್ರಶ್ನೆವಾರು ಬಿಡಿಸಿದಾಗ ವಿಷಯಜ್ಞಾನಕ್ಕೆ ಒಳ್ಳೆಯ ಅಂಕ, ಪಾಠದ ವೇಗಕ್ಕೆ ಕಳಪೆ ಅಂಕ. ರಜೆಯ ನಂತರ ಪಠ್ಯಕ್ರಮ ಮುಗಿಸಲು ಓಡಿದ್ದರ ಫಲ ಅದು.

ಷರಾದಲ್ಲಿ ಎರಡನ್ನೂ ಬರೆದೆ: ಹಾಜರಾತಿ ಕೊರತೆಯ ವಿದ್ಯಾರ್ಥಿಗಳನ್ನು ಸಕಾಲದಲ್ಲಿ ಗುರುತಿಸಿದ್ದಾರೆ; ಎರಡನೆಯ ಸೆಮಿಸ್ಟರಿನ ಕೊನೆಯ ಎರಡು ಘಟಕಗಳು ಅವಸರದಲ್ಲಿ ಮುಗಿದಿವೆ. ಪ್ರಾಂಶುಪಾಲರಿಗೆ ಕಳುಹಿಸುವ ಮುನ್ನ ಕರಡನ್ನು ಅವರಿಗೆ ತೋರಿಸಿದೆ.

“ಸರ್, ಅವಸರ ಆಗಿದ್ದು ನಿಜ. ಆದರೆ ರಜೆಯಲ್ಲಿದ್ದಾಗ ನನ್ನ ತರಗತಿಗಳಿಗೆ ಬದಲಿ ವ್ಯವಸ್ಥೆ ಇರಲಿಲ್ಲ. ಅದೂ ಬರಲಿ,” ಎಂದರು.

ಬದಲಿ ವ್ಯವಸ್ಥೆ ಮಾಡಬೇಕಾದವನು ವಿಭಾಗದ ಮುಖ್ಯಸ್ಥ. ಅತಿಥಿ ಉಪನ್ಯಾಸಕರು ಸಿಗದಿದ್ದ ಕಾರಣವನ್ನೂ ಸೇರಿಸಿ ಆ ವಾಕ್ಯವನ್ನು ಬರೆದು, ಇಬ್ಬರೂ ಸಹಿ ಹಾಕಿದೆವು.